ಆಫರ್ ಮೇಲ್ ಸ್ಪ್ಯಾಮ್‌ಗೆ ಹೋಗುವುದು ಯಾಕೆ? ಉತ್ತರ ನಿಮ್ಮ ಪಟ್ಟಿಯಲ್ಲೇ ಇದೆ

ಕೈಮಗ್ಗದ ಸೀರೆ ಮಾರುವ ಒಂದು ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳೋಣ. ಅವರ ಹತ್ತಿರ 24,000 ಇಮೇಲ್ ವಿಳಾಸಗಳಿವೆ. ವರ್ಷದಲ್ಲಿ ಬಹುಪಾಲು ಸುಮ್ನೆ ಇದ್ದು, ದೀಪಾವಳಿಗೆ ಹತ್ತು ದಿನ ಇರುವಾಗ ಅಷ್ಟೂ ಜನಕ್ಕೆ ಒಂದೇ ಸಲ ಆಫರ್ ಮೇಲ್ ಕಳಿಸುತ್ತಾರೆ. ಮಾರಾಟ ಆಗುವುದಿಲ್ಲ. ಎರಡು ದಿನ ಬಿಟ್ಟು ಮತ್ತೊಂದು ಮೇಲ್ ಹಾಕುತ್ತಾರೆ. ಈ ಸಲ ಇನ್ನೂ ಕೆಟ್ಟದಾಗುತ್ತದೆ. ದುಡ್ಡು ಕೊಟ್ಟು ಸೀರೆ ಕೊಂಡವರಿಗೆ ಹೋಗಬೇಕಾದ ಆರ್ಡರ್ ದೃಢೀಕರಣದ ಮೇಲ್ ಕೂಡ ಸ್ಪ್ಯಾಮ್ ಫೋಲ್ಡರಿಗೆ ಬೀಳಲು ಶುರುವಾಗುತ್ತದೆ. ಗ್ರಾಹಕರು ಫೋನ್ ಮಾಡಿ "ದುಡ್ಡು ಹೋಯ್ತು, ಬಿಲ್ ಬರಲಿಲ್ಲ" ಎನ್ನುತ್ತಾರೆ.

ಇದು ಕಲ್ಪನೆಯ ಅಂಗಡಿ, ಅಂಕಿಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ಆದರೆ ಕಥೆ ನಡೆಯುವ ರೀತಿ ಮಾತ್ರ ಹೀಗೇ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಮೇಲ್‌ನ ತಲೆಬರಹ ಬದಲಿಸುವುದು. "ಫ್ರೀ" ಅನ್ನುವ ಪದ ತೆಗೆಯುತ್ತಾರೆ, ಆಶ್ಚರ್ಯಸೂಚಕ ಕಡಿಮೆ ಮಾಡುತ್ತಾರೆ. ಅದರಿಂದ ಆಗುವ ಲಾಭ ತೀರಾ ಸಣ್ಣದು. ಜಿಮೇಲ್ ಈಗ ಮುಖ್ಯವಾಗಿ ನೋಡುವುದು ಮೇಲ್‌ನಲ್ಲಿ ಏನು ಬರೆದಿದೆ ಎಂಬುದನ್ನಲ್ಲ. ಈ ಡೊಮೈನ್‌ನಿಂದ ಹಿಂದೆ ಬಂದ ಮೇಲ್‌ಗಳನ್ನು ಜನ ಏನು ಮಾಡಿದರು ಎಂಬುದನ್ನು. ತೆರೆದರಾ? ಉತ್ತರ ಬರೆದರಾ? ನೋಡದೆ ಅಳಿಸಿದರಾ? ಸ್ಪ್ಯಾಮ್ ಬಟನ್ ಒತ್ತಿದರಾ? ಕಿರಾಣಿ ಅಂಗಡಿಯವರು ಉದ್ರಿ ಕೊಡುವ ಮುಂಚೆ ಹಳೇ ಲೆಕ್ಕ ನೋಡುತ್ತಾರಲ್ವಾ, ಹಾಗೆ. ಕಳಿಸುವವರ ರೆಪ್ಯುಟೇಷನ್ ಅಂದರೆ ಆ ಹಳೇ ಲೆಕ್ಕ. ಅದು ನಿಮ್ಮ ಡೊಮೈನ್ ಹೆಸರಿಗೂ, ಮೇಲ್ ಹೊರಡುವ ಐಪಿ ವಿಳಾಸಕ್ಕೂ ಅಂಟಿಕೊಂಡಿರುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರಮೋಷನ್ಸ್ ಟ್ಯಾಬ್‌ಗೆ ಹೋಗುವುದು ಸ್ಪ್ಯಾಮ್‌ಗೆ ಹೋದಂತೆ ಅಲ್ಲ. ಅದೂ ಇನ್‌ಬಾಕ್ಸ್‌ನ ಒಂದು ಭಾಗ. ಆಫರ್ ಮೇಲ್‌ಗೆ ಅದೇ ಸರಿಯಾದ ಜಾಗ. ಅಲ್ಲಿಂದ ಹೊರಗೆ ಬರಲು ಕಸರತ್ತು ಮಾಡುವುದರಲ್ಲಿ ಅರ್ಥವಿಲ್ಲ.

ಮೊದಲು ಗುರುತಿನ ಚೀಟಿ

ನೀವು ಯಾರು ಎಂದು ಗೊತ್ತಾಗದಿದ್ದರೆ ಹಳೇ ಲೆಕ್ಕ ನೋಡುವುದಾದರೂ ಹೇಗೆ? ಅದಕ್ಕೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಇವೆ. ಈ ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ. ಮೇಲ್‌ಗೆ ಡಿಜಿಟಲ್ ಸಹಿ ಹಾಕುವುದು ಡಿಕಿಮ್. ಇವು ಎರಡೂ ತಪ್ಪಾದರೆ ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. ಮೂರನ್ನೂ ಡೊಮೈನ್‌ನ ಸಾರ್ವಜನಿಕ ದಾಖಲೆಯಾದ ಡಿಎನ್‌ಎಸ್‌ನಲ್ಲಿ ಒಮ್ಮೆ ಹಾಕಿಟ್ಟರೆ ಆಯಿತು. 2024ರ ಫೆಬ್ರವರಿಯಿಂದ ದಿನಕ್ಕೆ 5,000ದಷ್ಟು ಅಥವಾ ಅದಕ್ಕಿಂತ ಜಾಸ್ತಿ ಮೇಲ್ ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಗೂಗಲ್ ಇವನ್ನು ಕಡ್ಡಾಯ ಮಾಡಿದೆ. ಒಂದೇ ಒಂದು ದಿನ ಆ ಗಡಿ ದಾಟಿದರೂ ಸಾಕು, ಆಮೇಲೆ ನೀವು ಕಾಯಂ ಆಗಿ ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಲೆಕ್ಕಕ್ಕೇ ಸೇರುತ್ತೀರಿ. ನಮ್ಮ ಸೀರೆ ಅಂಗಡಿ ಆ ಮೊದಲ ಆಫರ್ ಮೇಲ್ ಕಳಿಸಿದ ದಿನವೇ ಸೇರಿತು.

ಇದು ಸರಿ ಇದೆಯಾ ಎಂದು ನೋಡಲು ಒಂದು ಮೇಲ್ ನಿಮ್ಮ ಜಿಮೇಲ್‌ಗೇ ಕಳಿಸಿಕೊಳ್ಳಿ. ಮೂರು ಚುಕ್ಕಿ ಒತ್ತಿ `Show original` ಆರಿಸಿ. ಮೂರರ ಮುಂದೆಯೂ `PASS` ಎಂದು ಇರಬೇಕು. ಇದ್ದರೆ ಖುಷಿ, ಆದರೆ ಕೆಲಸ ಮುಗಿದಿಲ್ಲ. ಈ ಗುರುತಿನ ಚೀಟಿ ನೀವು ಯಾರು ಎಂದಷ್ಟೇ ಹೇಳುತ್ತದೆ. ನೀವು ಒಳ್ಳೆಯವರು ಎಂದು ಹೇಳುವುದಿಲ್ಲ. ಸ್ಪ್ಯಾಮ್ ಕಳಿಸುವವರೂ ಇದನ್ನು ಸರಿಯಾಗಿಯೇ ಮಾಡಿಟ್ಟಿರುತ್ತಾರೆ.

24,000 ಜನ ಎಲ್ಲಿಂದ ಬಂದರು?

ಪಟ್ಟಿಯನ್ನು ಶುಚಿ ಮಾಡುವ ಕೆಲಸ ಈ ಪ್ರಶ್ನೆಯಿಂದ ಶುರುವಾಗಬೇಕು. ನಮ್ಮ ಅಂಗಡಿಯವರು ಹಳೇ ಫೈಲ್‌ಗಳನ್ನು ತೆಗೆದು ನೋಡಿದಾಗ ಲೆಕ್ಕ ಹೀಗೆ ಬರುತ್ತದೆ. 9,000 ಜನ ವೆಬ್‌ಸೈಟಿನಲ್ಲಿ ಸೀರೆ ಕೊಂಡವರು. 6,000 ವಿಳಾಸಗಳು ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದನ್ನು ಕೇಳಿ ಟೈಪ್ ಮಾಡಿದವು. 5,000 ವಸ್ತುಪ್ರದರ್ಶನಗಳಲ್ಲಿ ಲಕ್ಕಿ ಡ್ರಾ ಚೀಟಿಯಿಂದ ಬಂದವು. ಉಳಿದ 4,000 ಇನ್ನೊಬ್ಬ ವ್ಯಾಪಾರಿಯ ಜೊತೆ ಅದಲು ಬದಲು ಮಾಡಿಕೊಂಡವು.

ಇದರಲ್ಲಿ ಮೂರು ಬಗೆಯ ತೊಂದರೆ ಅಡಗಿದೆ.

ಮೊದಲನೆಯದು ಸತ್ತ ವಿಳಾಸಗಳು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ಹಾಗಾಗಿ ಹಳೇ ಪಟ್ಟಿಗಳಲ್ಲಿ ಇವು ಹೆಚ್ಚುತ್ತಲೇ ಹೋಗುತ್ತವೆ. ಕೌಂಟರಿನಲ್ಲಿ ತಪ್ಪಾಗಿ ಟೈಪ್ ಆದವೂ ಇಲ್ಲೇ ಸೇರುತ್ತವೆ. ಅಂಥ ವಿಳಾಸಕ್ಕೆ ಕಳಿಸಿದರೆ ಮೇಲ್ ವಾಪಸ್ ಬರುತ್ತದೆ. ವಾಪಸ್ ಬಂದ ಉತ್ತರವನ್ನು ಓದುವುದು ಕಲಿಯಬೇಕು, ಯಾಕೆಂದರೆ ಎಲ್ಲ ಬೌನ್ಸ್ ಒಂದೇ ಅಲ್ಲ:

```
550 5.1.1  ಖಾತೆಯೇ ಇಲ್ಲ
452 4.2.2  ಇನ್‌ಬಾಕ್ಸ್ ತುಂಬಿದೆ
550 5.7.1  ಸ್ಪ್ಯಾಮ್ ಎಂಬ ಅನುಮಾನದಿಂದ ತಡೆದಿದೆ
```

ಮೊದಲನೆಯದು ಬಂದರೆ ಆ ವಿಳಾಸಕ್ಕೆ ಇನ್ನೊಮ್ಮೆ ಕಳಿಸುವ ಮಾತೇ ಇಲ್ಲ. ಎರಡನೆಯದು ತಾತ್ಕಾಲಿಕ. ಕೆಲವು ವಾರ ಬೇರೆ ಬೇರೆ ದಿನ ಕಳಿಸಿದಾಗಲೂ ಅದೇ ಉತ್ತರ ಬಂದರೆ ಕೈಬಿಡಿ. ಮೂರನೆಯದರಲ್ಲಿ ಎಡವಟ್ಟಾಗುವುದು ಜಾಸ್ತಿ. ಅಲ್ಲಿ ವಿಳಾಸ ಜೀವಂತ ಇದೆ, ನಿಮ್ಮ ಹೆಸರು ಕೆಟ್ಟಿದೆ. ಕೆಲವು ಸಾಫ್ಟ್‌ವೇರ್‌ಗಳು 5ರಿಂದ ಶುರುವಾಗುವ ಎಲ್ಲವನ್ನೂ ಸತ್ತ ವಿಳಾಸ ಎಂದೇ ಗುರುತು ಹಾಕಿ, ಒಳ್ಳೆಯ ಗ್ರಾಹಕರನ್ನೂ ತೆಗೆದುಹಾಕುತ್ತವೆ. ಬೌನ್ಸ್ ವರದಿ ಡೌನ್‌ಲೋಡ್ ಮಾಡಿ ಕೋಡ್ ನೋಡಿಯೇ ತೀರ್ಮಾನಿಸಿ. ಖಾತೆ ಇಲ್ಲದ ವಿಳಾಸಗಳು ನೂರಕ್ಕೆ ಎರಡನ್ನು ದಾಟಿದರೆ ಪಟ್ಟಿಗೆ ಕಾಯಿಲೆ ಬಂದಿದೆ ಎಂದೇ ಅರ್ಥ. ನಮ್ಮ ಅಂಗಡಿಯ ಮೊದಲ ಮೇಲ್‌ನಲ್ಲಿ 1,900 ಹೀಗೆ ವಾಪಸ್ ಬಂದವು, ಸುಮಾರು ನೂರಕ್ಕೆ ಎಂಟು.

ಎರಡನೆಯದು ಸ್ಪ್ಯಾಮ್ ಟ್ರ್ಯಾಪ್. ಸ್ಪ್ಯಾಮ್ ಹಿಡಿಯುವವರು ಬೇಕೆಂದೇ ಇಟ್ಟಿರುವ ವಿಳಾಸಗಳು ಇವು. ಕೆಲವು ಯಾವತ್ತೂ ಯಾರದ್ದೂ ಆಗಿರಲಿಲ್ಲ. ವೆಬ್‌ಪುಟಗಳಿಂದ ವಿಳಾಸ ಕದಿಯುವವರ ಕೈಗೆ ಸಿಗಲಿ ಎಂದು ಬಿಟ್ಟಿರುತ್ತಾರೆ. ಇನ್ನು ಕೆಲವು ಒಂದು ಕಾಲದಲ್ಲಿ ನಿಜವಾದ ಜನರದ್ದಾಗಿದ್ದವು. ಖಾತೆ ಮುಚ್ಚಿ, ಕೆಲವು ಕಾಲ "ಇಲ್ಲ" ಎಂದು ವಾಪಸ್ ಕಳಿಸಿ, ಆಮೇಲೆ ಮತ್ತೆ ಜೀವ ಕೊಟ್ಟು ಟ್ರ್ಯಾಪ್ ಮಾಡಿರುತ್ತಾರೆ. ವಾಪಸ್ ಬಂದಾಗಲೇ ತೆಗೆದವರು ಇದರಲ್ಲಿ ಬೀಳುವುದಿಲ್ಲ, ಬೌನ್ಸ್ ಗಮನಿಸದವರು ಬೀಳುತ್ತಾರೆ. ಹೆಸರು ತಪ್ಪಿದ ಡೊಮೈನ್‌ಗಳೂ ಹೀಗೆ ಬಳಕೆಯಾಗುತ್ತವೆ. `gmail.com` ಬದಲು ಒಂದಕ್ಷರ ಆಚೀಚೆ ಟೈಪ್ ಆದರೆ ಮೇಲ್ ವಾಪಸ್ಸೂ ಬರದೆ, ಇಂಥದ್ದೊಂದು ಬಲೆಗೆ ಹೋಗಿ ಕೂರಬಹುದು.

ಟ್ರ್ಯಾಪ್‌ನ ವಿಷಯದಲ್ಲಿ ಕಷ್ಟ ಏನೆಂದರೆ, ಯಾವುದು ಟ್ರ್ಯಾಪ್ ಎಂದು ಯಾರೂ ಹೇಳುವುದಿಲ್ಲ. ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ನಿಮ್ಮ ಐಪಿ ಅಥವಾ ಡೊಮೈನನ್ನು ಕಪ್ಪುಪಟ್ಟಿಗೆ ಹಾಕಿದರೂ ಆ ವಿಳಾಸಗಳನ್ನು ಬಿಟ್ಟುಕೊಡುವುದಿಲ್ಲ. ಕೊಟ್ಟರೆ ಬಲೆಯೇ ಹಾಳು. ಇಮೇಲ್ ಪರೀಕ್ಷೆ ಮಾಡಿಕೊಡುತ್ತೇವೆ ಎನ್ನುವ ಸೇವೆಗಳು ಸತ್ತ ವಿಳಾಸ, ತಪ್ಪು ಡೊಮೈನ್ ಹಿಡಿಯಬಲ್ಲವು. ಟ್ರ್ಯಾಪ್‌ಗಳನ್ನು ಭರವಸೆಯಿಂದ ಹಿಡಿಯಲಾರವು. ಆದ್ದರಿಂದ ಒಂದೊಂದೇ ವಿಳಾಸ ಹುಡುಕುವುದು ಬಿಟ್ಟು, ಬಂದ ಮೂಲವನ್ನೇ ನೋಡಿ ಗುಂಪಾಗಿ ತೆಗೆಯಬೇಕು. ಅದಲು ಬದಲು ಮಾಡಿಕೊಂಡ 4,000ವನ್ನು ಒಂದೂ ಉಳಿಸದೆ ಬಿಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಮೂರನೆಯದು, ಜೀವಂತ ಇರುವ ಆದರೆ ನಿಮ್ಮ ಮೇಲ್ ಬೇಡದ ಜನ. ಎಲ್ಲಕ್ಕಿಂತ ಹೆಚ್ಚು ಹಾನಿ ಇಲ್ಲಿಂದಲೇ. ಲಕ್ಕಿ ಡ್ರಾ ಚೀಟಿಯಲ್ಲಿ ಇಮೇಲ್ ಬರೆದವರಿಗೆ ಬೇಕಿದ್ದದ್ದು ಬಹುಮಾನ. ನಿಮ್ಮ ಅಂಗಡಿಯ ಹೆಸರೂ ಅವರಿಗೆ ನೆನಪಿಲ್ಲ. ಎರಡು ವರ್ಷದ ನಂತರ ಸೀರೆಯ ಆಫರ್ ಕಂಡರೆ ಅವರ ಕೈ ಸೀದಾ ಸ್ಪ್ಯಾಮ್ ಬಟನ್‌ಗೆ ಹೋಗುತ್ತದೆ. ಅದು ಅವರ ತಪ್ಪಲ್ಲ.

ಸಾವಿರಕ್ಕೆ ಒಬ್ಬರು

ಗೂಗಲ್ ಹೇಳುವ ಅಂಕಿ ಇಷ್ಟು: ಸ್ಪ್ಯಾಮ್ ದರ 0.1 ಶೇಕಡಾಕ್ಕಿಂತ ಕಡಿಮೆ ಇರಲಿ, 0.3 ಶೇಕಡಾ ಮುಟ್ಟುವಂತೆ ಯಾವತ್ತೂ ಆಗಬಾರದು. ಅಂದರೆ ಸಾವಿರ ಜನರಲ್ಲಿ ಒಬ್ಬರು ಸ್ಪ್ಯಾಮ್ ಬಟನ್ ಒತ್ತಿ ದೂರಿದರೆ ಗಡಿಗೆ ಬಂದಿರಿ, ಮೂವರು ದೂರಿದರೆ ಕಷ್ಟಕ್ಕೆ ಸಿಕ್ಕಿರಿ. ನಮ್ಮ ಅಂಗಡಿಯ ಮೊದಲ ಮೇಲ್ ಸುಮಾರು 16,500 ಜಿಮೇಲ್ ಇನ್‌ಬಾಕ್ಸ್‌ಗಳಿಗೆ ಸೇರಿತು ಎಂದಿಟ್ಟುಕೊಳ್ಳಿ. ಅದರಲ್ಲಿ 66 ಜನ ಸ್ಪ್ಯಾಮ್ ಒತ್ತಿದರೂ ದರ 0.4 ಶೇಕಡಾ. ಉಳಿದ ಹದಿನಾರು ಸಾವಿರದಷ್ಟು ಜನ ಸುಮ್ಮನಿದ್ದದ್ದು ಲೆಕ್ಕಕ್ಕೆ ಬರಲಿಲ್ಲ. ಐವತ್ತು ಅರವತ್ತು ಜನರ ಬೇಸರ ಇಡೀ ಡೊಮೈನನ್ನು ಕೆಡಿಸುತ್ತದೆ. ಅದಕ್ಕೇ ಬೇಡದವರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಅಷ್ಟು ದುಬಾರಿ.

ಈ ದರ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಡೊಮೈನ್ ಸೇರಿಸಿ, ಡಿಎನ್‌ಎಸ್‌ನಲ್ಲಿ ಒಂದು ಸಾಲು ಹಾಕಿ ಅದು ನಿಮ್ಮದೇ ಎಂದು ತೋರಿಸಬೇಕು. ಯಾರು ಒತ್ತಿದರು ಎಂದು ಜಿಮೇಲ್ ಹೇಳುವುದಿಲ್ಲ, ದರ ಮಾತ್ರ ಹೇಳುತ್ತದೆ. ಯಾಹೂ ಮತ್ತು ಔಟ್‌ಲುಕ್ ಇದರಲ್ಲಿ ಬೇರೆ. ಅವುಗಳ ದೂರು ವರದಿಗೆ ನೋಂದಾಯಿಸಿಕೊಂಡರೆ ಯಾವ ಮೇಲ್‌ಗೆ ದೂರು ಬಂತು ಎಂದು ತಿಳಿದು, ಆ ವಿಳಾಸವನ್ನು ತೆಗೆಯಬಹುದು. ಮೇಲ್ ಕಳಿಸುವ ಸೇವೆಗಳಲ್ಲಿ ಬಹುಪಾಲು ಇದನ್ನು ನಿಮ್ಮ ಪರವಾಗಿ ಮಾಡುತ್ತವೆ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ, ನಿಧಾನವಾಗಿ ನೋಡೋಣ. ಎರಡನೇ ಮೇಲ್‌ನ ಹೊತ್ತಿಗೆ ಜಿಮೇಲ್ ಎಚ್ಚೆತ್ತಿದೆ. 16,500ರಲ್ಲಿ 10,000 ಮೇಲ್‌ಗಳನ್ನು ನೇರ ಸ್ಪ್ಯಾಮ್‌ಗೆ ಹಾಕುತ್ತದೆ. ಇನ್‌ಬಾಕ್ಸ್‌ಗೆ ಹೋದದ್ದು 6,500 ಮಾತ್ರ. ಅದರಲ್ಲಿ 13 ಜನ ಸ್ಪ್ಯಾಮ್ ಒತ್ತುತ್ತಾರೆ. ದರ 0.2 ಶೇಕಡಾ. ಅಂಗಡಿಯವರು ನೋಡಿ "ಅರ್ಧಕ್ಕೆ ಇಳೀತಲ್ಲ, ಸರಿ ಹೋಗ್ತಿದೆ" ಎಂದುಕೊಳ್ಳುತ್ತಾರೆ. ನಿಜದಲ್ಲಿ ಆದದ್ದು ಉಲ್ಟಾ. ಈಗಾಗಲೇ ಸ್ಪ್ಯಾಮ್‌ನಲ್ಲಿರುವ ಮೇಲ್‌ಗೆ ಯಾರೂ ಸ್ಪ್ಯಾಮ್ ಎಂದು ದೂರು ಕೊಡಲಾರರು. ಆದ್ದರಿಂದ ಈ ದರ ಇಳಿದಾಗ ಜೊತೆಯಲ್ಲೇ ಕ್ಲಿಕ್ ನೋಡಿ. ದೂರೂ ಇಳಿದು, ಜಿಮೇಲ್‌ನಿಂದ ಬರುವ ಕ್ಲಿಕ್ಕೂ ಕುಸಿದಿದ್ದರೆ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ. ದೂರು ಇಳಿದು ಕ್ಲಿಕ್ ಮೊದಲಿನಷ್ಟೇ ಇದ್ದರೆ ಅಥವಾ ಏರಿದ್ದರೆ ನಿಜವಾಗಿ ಗುಣವಾಗುತ್ತಿದೆ.

"ನನ್ನ ಜಿಮೇಲ್‌ಗೆ ಇನ್‌ಬಾಕ್ಸ್‌ಗೇ ಬಂತು" ಎನ್ನುವ ಪರೀಕ್ಷೆಯನ್ನೂ ನಂಬಬೇಡಿ. ನಿಮ್ಮ ಅಂಗಡಿಯ ಮೇಲ್ ನೀವು ಯಾವಾಗಲೂ ತೆರೆಯುತ್ತೀರಿ. ಜಿಮೇಲ್ ಒಬ್ಬೊಬ್ಬರ ಅಭ್ಯಾಸವನ್ನೂ ನೋಡಿ ತೀರ್ಮಾನಿಸುತ್ತದೆ. ನಿಮಗೆ ಇನ್‌ಬಾಕ್ಸ್ ಸಿಕ್ಕಿದ್ದು ನಿಮ್ಮ ಅಭ್ಯಾಸದಿಂದ.

ಮತ್ತೆ ಮೇಲೆ ಬರುವುದು

ಹೊಸ ಡೊಮೈನ್ ಕೊಂಡು ಅದರಿಂದ ಕಳಿಸಿದರೆ ಆಗುತ್ತಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹೊಸ ಡೊಮೈನ್‌ಗೆ ಒಳ್ಳೆಯ ಲೆಕ್ಕವೂ ಇಲ್ಲ, ಅಲ್ಲಿಂದ ಮೊದಲ ದಿನವೇ 24,000 ಮೇಲ್ ಹೊರಟರೆ ಅನುಮಾನ ಇನ್ನೂ ಜಾಸ್ತಿ. ಪಟ್ಟಿ ಅದೇ ಇದ್ದರೆ ಫಲವೂ ಅದೇ.

ನಮ್ಮ ಅಂಗಡಿ ಮೊದಲು ಮಾಡಬೇಕಾದದ್ದು ಆಫರ್ ಮೇಲ್‌ಗಳನ್ನು ಪೂರ್ತಿ ನಿಲ್ಲಿಸುವುದು. ಹಬ್ಬದ ಮಧ್ಯೆ ಇದು ಕಷ್ಟ, ಗೊತ್ತು. ಆದರೆ ಈಗ ಕಳಿಸುವ ಪ್ರತಿ ಮೇಲ್ ಆರ್ಡರ್ ಮೇಲ್‌ಗಳನ್ನೂ ಕೆಳಗೆ ಎಳೆಯುತ್ತದೆ. ಮುಂದೆ ಹೀಗಾಗದಿರಲು ಎರಡನ್ನೂ ಬೇರೆ ಬೇರೆ ಉಪಡೊಮೈನ್‌ಗೆ ಹಾಕಬೇಕು. ಬಿಲ್, ಆರ್ಡರ್, ಪಾಸ್‌ವರ್ಡ್‌ಗೆ ಒಂದು. ಆಫರ್‌ಗೆ ಇನ್ನೊಂದು. ಇದು ಪೂರ್ತಿ ರಕ್ಷಣೆ ಅಲ್ಲ, ಮೂಲ ಡೊಮೈನ್‌ಗೂ ಒಂದಿಷ್ಟು ಕೊಳೆ ತಾಗುತ್ತದೆ. ಆದರೂ ಬಿಲ್ ತಲುಪುವ ಸಾಧ್ಯತೆ ತುಂಬಾ ಹೆಚ್ಚುತ್ತದೆ.

ಆಮೇಲೆ ಪಟ್ಟಿಗೆ ಕತ್ತರಿ. ಅದಲು ಬದಲಿನ 4,000, ಲಕ್ಕಿ ಡ್ರಾದ 5,000 ಪೂರ್ತಿ ಹೊರಗೆ. "ಬೇಕಾ ಬೇಡವಾ" ಎಂದು ಕೇಳಲೂ ಅವರಿಗೆ ಮೇಲ್ ಕಳಿಸಬಾರದು. ಆ ಕೇಳುವ ಮೇಲ್‌ಗೇ ದೂರು ಬರುತ್ತದೆ. ವಾಪಸ್ ಬಂದ 1,900ರಲ್ಲಿ ಉಳಿದವುಗಳೂ ಹೊರಗೆ. ಒಂದು ಎಚ್ಚರ: ಇವನ್ನು ಬರೀ ಅಳಿಸಿದರೆ ಸಾಲದು. ಮುಂದಿನ ತಿಂಗಳು ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಹೊಸ ಫೈಲ್ ಹಾಕಿದ ತಕ್ಷಣ ಅವರೆಲ್ಲ ಮತ್ತೆ ಬಂದು ಕೂರುತ್ತಾರೆ. ಮೇಲ್ ಸೇವೆಯಲ್ಲಿ ಸಪ್ರೆಷನ್ ಲಿಸ್ಟ್ ಎಂದು ಇರುತ್ತದೆ, ಎಷ್ಟು ಸಲ ಸೇರಿಸಿದರೂ ಕಳಿಸದೆ ತಡೆಯುವ ಪಟ್ಟಿ. ಸತ್ತವರು, ಬೇಡ ಎಂದವರು, ದೂರು ಕೊಟ್ಟವರು ಎಲ್ಲ ಅಲ್ಲಿರಬೇಕು.

ಈಗ ಉಳಿದವರಲ್ಲಿ ಕಳೆದ 60 ದಿನದಲ್ಲಿ ಕೊಂಡವರು ಅಥವಾ ಮೇಲ್‌ನ ಲಿಂಕ್ ಒತ್ತಿದವರು ಯಾರು ಎಂದು ಆರಿಸಿ. 1,800 ಜನ ಸಿಕ್ಕರು ಎನ್ನೋಣ. ಅವರಿಗೆ ಮಾತ್ರ ವಾರಕ್ಕೊಂದು ಮೇಲ್. ಇವರು ತೆರೆಯುತ್ತಾರೆ, ಕೆಲವರು ಉತ್ತರವನ್ನೂ ಬರೆಯುತ್ತಾರೆ, ಸ್ಪ್ಯಾಮ್‌ನಲ್ಲಿ ಕಂಡರೆ ಹೊರಗೆ ತೆಗೆಯುತ್ತಾರೆ. ಜಿಮೇಲ್‌ಗೆ ಬೇಕಾದ ಒಳ್ಳೆಯ ಲೆಕ್ಕ ಇದೇ. ಎರಡು ಮೂರು ವಾರ ದರ 0.1ರ ಕೆಳಗೇ ಇದ್ದು ಕ್ಲಿಕ್ ಸ್ಥಿರವಾದರೆ ಆರು ತಿಂಗಳೊಳಗೆ ಕೊಂಡವರನ್ನು ಸೇರಿಸಿ. ಅದನ್ನೂ ಒಂದೇ ಸಲ ಅಲ್ಲ, ಕೆಲವು ನೂರರಂತೆ. ದರ ಏರಿತು ಎಂದರೆ ಒಂದು ಹೆಜ್ಜೆ ಹಿಂದಕ್ಕೆ ಬಂದು ಕಾಯಿರಿ. ದರ 0.3 ದಾಟಿ ಇದ್ದರೆ ಗೂಗಲ್‌ಗೆ ಸಹಾಯ ಕೇಳಿಯೂ ಪ್ರಯೋಜನವಿಲ್ಲ. ಸತತ 7 ದಿನ ಅದಕ್ಕಿಂತ ಕೆಳಗಿದ್ದರೆ ಮಾತ್ರ ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಮನವಿಯನ್ನು ಅವರು ನೋಡುತ್ತಾರೆ.

ಇಲ್ಲಿ "ತೆರೆದವರು" ಎನ್ನದೆ "ಒತ್ತಿದವರು" ಎಂದು ಹೇಳಿದ್ದಕ್ಕೆ ಕಾರಣವಿದೆ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಹೊಸ ಗೌಪ್ಯತೆ ವ್ಯವಸ್ಥೆ ತಂದಿತು. ಅದನ್ನು ಆನ್ ಮಾಡಿಕೊಂಡವರ ಮೇಲ್‌ನಲ್ಲಿರುವ ಚಿತ್ರಗಳನ್ನು ಆಪಲ್ ಮುಂಚೆಯೇ ತಾನೇ ಇಳಿಸಿಕೊಳ್ಳುತ್ತದೆ. ಮೇಲ್ ತೆರೆದದ್ದನ್ನು ಎಣಿಸುವುದು ಒಂದು ಸಣ್ಣ ಚಿತ್ರದಿಂದಲೇ ಆದ್ದರಿಂದ, ನೋಡದವರೂ ತೆರೆದವರಂತೆ ಕಾಣುತ್ತಾರೆ. ಕ್ಲಿಕ್ ಕೂಡ ಪೂರ್ತಿ ಶುದ್ಧವಲ್ಲ. ಕಂಪನಿಗಳ ಭದ್ರತಾ ಸಾಫ್ಟ್‌ವೇರ್ ಬಂದ ಮೇಲ್‌ನ ಲಿಂಕ್‌ಗಳನ್ನೆಲ್ಲ ತಾನೇ ಒತ್ತಿ ನೋಡುತ್ತದೆ. ಮೇಲ್ ತಲುಪಿದ ಕೆಲವೇ ಸೆಕೆಂಡಿನಲ್ಲಿ ಎಲ್ಲ ಲಿಂಕೂ ಒತ್ತಿದಂತೆ ಕಂಡರೆ ಅದು ಮನುಷ್ಯರಲ್ಲ. ಇರುವುದರಲ್ಲಿ ಗಟ್ಟಿ ಗುರುತು ಖರೀದಿ.

ಒಂದು ವರ್ಷದ ಆಸುಪಾಸಿನಿಂದ ಸುಳಿವೇ ಇಲ್ಲದ ಹಳೇ ಗ್ರಾಹಕರಿಗೆ ಕೊನೆಯಲ್ಲಿ ಒಂದೇ ಒಂದು ಮೇಲ್. ಆಫರ್ ಇಲ್ಲದೆ, ನೇರ ಪ್ರಶ್ನೆ: ನಮ್ಮ ಮೇಲ್ ಇನ್ನೂ ಬೇಕಿದ್ದರೆ ಇಲ್ಲಿ ಒತ್ತಿ, ಒತ್ತದಿದ್ದರೆ ಇನ್ನು ಕಳಿಸುವುದಿಲ್ಲ. ಒತ್ತದವರನ್ನು ನಿಜಕ್ಕೂ ಬಿಟ್ಟುಬಿಡಬೇಕು. ಹೆಚ್ಚಿನವರು ಒತ್ತುವುದಿಲ್ಲ. ಇಷ್ಟಾದ ಮೇಲೆ ನಮ್ಮ ಅಂಗಡಿಯ ಪಟ್ಟಿ 7,000ದ ಹತ್ತಿರ ನಿಂತರೆ ನನಗೆ ಆಶ್ಚರ್ಯವಿಲ್ಲ. 24,000 ನೋಡಿ ಅಭ್ಯಾಸವಾದವರಿಗೆ ಹೊಟ್ಟೆ ಉರಿಯುತ್ತದೆ. ಆದರೆ ಹೋದ 17,000 ಜನ ಮೊದಲೂ ಕೊಳ್ಳುತ್ತಿರಲಿಲ್ಲ, ಕೊಳ್ಳುವವರಿಗೆ ಮೇಲ್ ತಲುಪದಂತೆ ಮಾಡುತ್ತಿದ್ದರು.

ಹೊರಗೆ ಹೋಗುವ ಬಾಗಿಲು, ಒಳಗೆ ಬರುವ ಬಾಗಿಲು

ಅನ್‌ಸಬ್‌ಸ್ಕ್ರೈಬ್ ಲಿಂಕನ್ನು ಕೆಳಗೆ ಬೂದು ಅಕ್ಷರದಲ್ಲಿ ಮುಚ್ಚಿಡುವವರನ್ನು ಕಂಡರೆ ನನಗೆ ಬೇಜಾರು. ಹೊರಹೋಗುವ ದಾರಿ ಸಿಗದವರು ಸ್ಪ್ಯಾಮ್ ಒತ್ತುತ್ತಾರೆ. ಅನ್‌ಸಬ್‌ಸ್ಕ್ರೈಬ್ ನಿಮ್ಮ ಹೆಸರಿಗೆ ಕೆಡುಕು ಮಾಡುವುದಿಲ್ಲ, ಕೆಡುಕು ಮಾಡುವುದು ಸ್ಪ್ಯಾಮ್ ದೂರು. ಮೇಲ್‌ನ ಹೆಡರಿನಲ್ಲಿ ಈ ಎರಡು ಸಾಲು ಇದ್ದರೆ ಜಿಮೇಲ್ ತಾನೇ ಕಳಿಸುವವರ ಹೆಸರಿನ ಪಕ್ಕ ಬಟನ್ ತೋರಿಸಬಹುದು:

```
List-Unsubscribe: <https://example.com/u/abc123>
List-Unsubscribe-Post: List-Unsubscribe=One-Click
```

ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಆಫರ್ ಮೇಲ್‌ಗಳಿಗೆ ಇದು ಕಡ್ಡಾಯ. ಒತ್ತಿದವರನ್ನು ಎರಡು ದಿನದೊಳಗೆ ತೆಗೆಯಲೇಬೇಕು. ಒತ್ತಿದ ಮೇಲೆ ಲಾಗಿನ್ ಆಗಿ, ಕಾರಣ ಬರೆಯಿರಿ ಎಂದು ಕೇಳುವಂತಿಲ್ಲ.

ಒಳಗೆ ಬರುವ ಬಾಗಿಲೂ ಬದಲಾಗಬೇಕು, ಇಲ್ಲದಿದ್ದರೆ ಒಂದು ವರ್ಷದಲ್ಲಿ ಪಟ್ಟಿ ಮತ್ತೆ ಕೊಳೆಯುತ್ತದೆ. ಕೌಂಟರಿನಲ್ಲಿ ವಿಳಾಸ ಕೇಳಿದರೆ ಟೈಪ್ ಮಾಡಿದ್ದನ್ನು ಗ್ರಾಹಕರಿಗೆ ಪರದೆ ತಿರುಗಿಸಿ ತೋರಿಸಿ. ಬಿಲ್‌ಗಾಗಿ ಕೊಟ್ಟ ವಿಳಾಸವನ್ನು ಆಫರ್ ಪಟ್ಟಿಗೆ ಹಾಕುವ ಮುಂಚೆ ಬೇರೆಯಾಗಿ ಕೇಳಿ. ಒಪ್ಪಿದವರಿಗೆ ಅವರು ಅಂಗಡಿಯಲ್ಲಿರುವಾಗಲೇ ಒಂದು ದೃಢೀಕರಣದ ಮೇಲ್ ಹೋಗಲಿ, ಅದರಲ್ಲಿನ ಲಿಂಕ್ ಒತ್ತಿದವರು ಮಾತ್ರ ಪಟ್ಟಿಗೆ ಸೇರಲಿ. ಇದರಿಂದ ತಪ್ಪು ಟೈಪಾದವು, ಬೇರೆಯವರ ವಿಳಾಸ ಕೊಟ್ಟವರು ಸೇರುವುದೇ ಇಲ್ಲ. ಟ್ರ್ಯಾಪ್‌ಗಳೂ ಬಹುತೇಕ ಹೊರಗೇ ಉಳಿಯುತ್ತವೆ, ಅವು ಸಾಮಾನ್ಯವಾಗಿ ಲಿಂಕ್ ಒತ್ತುವುದಿಲ್ಲ. ಸೇರುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ನಿಜ. ವೆಬ್‌ಸೈಟಿನ ಫಾರ್ಮ್‌ಗೆ ಕ್ಯಾಪ್ಚಾ ಇರಲಿ, ಇಲ್ಲದಿದ್ದರೆ ಬಾಟ್‌ಗಳು ಯಾರ್ಯಾರದೋ ವಿಳಾಸ ತುಂಬಿ ಹೋಗುತ್ತವೆ.

ಮುಂದಿನ ಹಬ್ಬಕ್ಕೆ ತಯಾರಿ ಒಂದೂವರೆ ತಿಂಗಳು ಮುಂಚೆ ಶುರುವಾಗಬೇಕು. ವಾರಕ್ಕೊಂದು ಮೇಲ್ ಇದ್ದದ್ದು ಎರಡಾಗಲಿ, ಹಬ್ಬದ ವಾರದಲ್ಲಿ ಮೂರು. ತಿಂಗಳುಗಟ್ಟಲೆ ಮೌನವಾಗಿದ್ದು ಒಂದೇ ದಿನ ಜೋರಾಗಿ ಕಳಿಸುವುದು ಯಾವ ಫಿಲ್ಟರಿಗೂ ಒಳ್ಳೆಯದಾಗಿ ಕಾಣುವುದಿಲ್ಲ. ಜೊತೆಗೆ ಅನ್‌ಸಬ್‌ಸ್ಕ್ರೈಬ್ ಪುಟದಲ್ಲಿ "ಈ ಹಬ್ಬಕ್ಕೆ ಮಾತ್ರ ಬೇಡ" ಎನ್ನುವ ಆಯ್ಕೆಯನ್ನೂ ಇಡಿ. ಪೂರ್ತಿ ಬಿಟ್ಟುಹೋಗುತ್ತಿದ್ದ ಕೆಲವು ಹಳೇ ಗ್ರಾಹಕರು ಅದನ್ನು ಆರಿಸಿ, ಹಬ್ಬ ಮುಗಿದ ಮೇಲೂ ಪಟ್ಟಿಯಲ್ಲಿ ಉಳಿಯುತ್ತಾರೆ.